ಕಾಫಿ ಪುಡಿ ಅಂಗಡಿಗೆ ಹತ್ತು ವರ್ಷ: ಗಿರಾಕಿಗಳು ಕಲಿಸಿದ ಪಾಠಗಳು

2015ರ ವಿಜಯದಶಮಿಯ ಬೆಳಿಗ್ಗೆ ತುಮಕೂರಿನಲ್ಲಿ ನಾವು ಅಂಗಡಿ ತೆರೆದಾಗ ಇದ್ದದ್ದು ಐದು ಕೆಜಿ ಹುರಿಯುವ ಒಂದು ಡ್ರಮ್ಮು, ಒಂದು ಹಳೇ ಪುಡಿ ಮಿಷನ್ನು, ಮೂರು ಮೂಟೆ ಬೀಜ. ಹಿಂದಿನ ದಿನದ ಆಯುಧ ಪೂಜೆಯ ಚೆಂಡುಹೂವಿನ ಹಾರ ಮಿಷನ್ನಿನ ಮೇಲೇ ಇತ್ತು. ಸಂಜೆ ಲೆಕ್ಕ ಹಾಕಿದರೆ ಮಾರಿದ್ದು ನಾಲ್ಕು ಕೆಜಿ. ಅದರಲ್ಲಿ ಮೂರು ಕೆಜಿ ಹರಸಲು ಬಂದ ನೆಂಟರೇ ಕೊಂಡಿದ್ದು. 2025ರ ಅಕ್ಟೋಬರ್ 2ರ ವಿಜಯದಶಮಿಗೆ ಹತ್ತು ವರ್ಷ ತುಂಬುತ್ತದೆ. ಈ ಹತ್ತು ವರ್ಷದಲ್ಲಿ ಕಲಿತದ್ದರಲ್ಲಿ ಹೆಚ್ಚಿನದನ್ನು ಕಲಿಸಿದವರು ನಮ್ಮ ಗಿರಾಕಿಗಳು. ಹಾಗಾಗಿ ಅದನ್ನು ಅವರೆದುರಿಗೇ ಹೇಳುವುದು ಸರಿ.

1. ಬಿಸಿ ಬೀಜವನ್ನು ಮಿಷನ್ನಿಗೆ ಹಾಕಬಾರದು

ಮೊದಲ ಗೌರಿ ಹಬ್ಬದ ಮುನ್ನಾದಿನ ಅಂಗಡಿ ಮುಂದೆ ಜನ ನಿಂತಿದ್ದರು. ಡ್ರಮ್ಮಿನಿಂದ ಇಳಿಸಿದ ಬೀಜ ಆರುವವರೆಗೂ ಕಾಯದೆ ಪುಡಿ ಮಾಡಿ, ಕವರಿಗೆ ತುಂಬಿ, ಬಾಯಿ ಅಂಟಿಸಿ ಕೊಟ್ಟೆವು. ಮಾರನೇ ದಿನ ಕಪಾಟಿನಲ್ಲಿ ಉಳಿದಿದ್ದ ಕವರುಗಳು ದಿಂಬಿನ ಹಾಗೆ ಊದಿಕೊಂಡಿದ್ದವು, ಎರಡು ಅಂಟು ಬಿಟ್ಟಿದ್ದವು. ಹುರಿದ ಬೀಜ ಹಲವು ದಿನ ಒಳಗಿನ ಗಾಳಿಯನ್ನು ಬಿಡುತ್ತಲೇ ಇರುತ್ತದೆ. ಪುಡಿ ಮಾಡಿದರೆ ಅದು ಬಹಳ ಬೇಗ ಹೊರಬರುತ್ತದೆ. ಬಿಸಿಯಲ್ಲಿ ಬೀಜದ ಎಣ್ಣೆಯೂ ಮೇಲೆ ಬಂದು ಪುಡಿ ಗಂಟಾಗುತ್ತದೆ, ಮಿಷನ್ನಿನ ಬಿಲ್ಲೆಗೂ ಅಂಟುತ್ತದೆ. ಈಗ ಹುರಿದದ್ದನ್ನು ತಟ್ಟೆಯಲ್ಲಿ ಹರಡಿ ಆರಿಸಿ, ಡಬ್ಬಿಯ ಮುಚ್ಚಳವನ್ನು ಸಡಿಲವಾಗಿಟ್ಟು ಒಂದು ರಾತ್ರಿ ಬಿಟ್ಟ ಮೇಲೇ ಪುಡಿ.

ಹುರಿದದ್ದು ಹದವಾಗಿದೆಯೇ ಎಂದು ತಕ್ಕಡಿಯಲ್ಲೂ ನೋಡುತ್ತೇವೆ. ನಮ್ಮ ಹದಕ್ಕೆ ಒಂದು ಕೆಜಿ ಹಸಿ ಬೀಜ ಸುಮಾರು 840 ಗ್ರಾಂಗೆ ಇಳಿಯುತ್ತದೆ. 800ಕ್ಕೆ ಇಳಿದರೆ ಬಣ್ಣ ಹೇಗೇ ಕಾಣಲಿ, ಹೆಚ್ಚು ಸುಟ್ಟಿದೆ ಎಂದೇ ಅರ್ಥ.

2. ಡಿಕಾಕ್ಷನ್ ಇಳಿಯದಿದ್ದರೆ ಮೊದಲು ನಮ್ಮ ಮಿಷನ್ನು ನೋಡಬೇಕು

ಮೂರನೇ ವರ್ಷದ ಮಳೆಗಾಲದಲ್ಲಿ ಒಬ್ಬ ಅಜ್ಜಿ ಬಟ್ಟೆಯಲ್ಲಿ ಸುತ್ತಿದ ಫಿಲ್ಟರನ್ನೇ ಹೊತ್ತು ಬಂದರು. ಕಟ್ಟೆ ಮೇಲಿಟ್ಟು ಮುಚ್ಚಳ ತೆಗೆದರು. ಮೇಲಿನ ಪಾತ್ರೆಯಲ್ಲಿ ನೀರು ಹಾಗೇ ನಿಂತಿತ್ತು. “ನೋಡಪ್ಪ, ರಾತ್ರಿ ಹಾಕಿದ್ದು. ಬೆಳಗಾದ್ರೂ ಒಂದು ಲೋಟ ಇಳಿದಿಲ್ಲ. ಯಜಮಾನರು ಕಾಫಿ ಇಲ್ದೆ ವಾಕಿಂಗ್ ಹೋದ್ರು” ಎಂದರು.

ಪುಡಿಯನ್ನು ಗಟ್ಟಿಯಾಗಿ ಒತ್ತಿದಿರೇನೋ ಎಂದು ನಾನು ಕೇಳಿದೆ. ಅವರು ಏನೂ ಹೇಳದೆ ನನ್ನನ್ನೇ ನೋಡಿದರು. ಐವತ್ತು ವರ್ಷದಿಂದ ಫಿಲ್ಟರ್ ಹಾಕುತ್ತಿರುವವರನ್ನು ಆ ಮಾತು ಕೇಳಬಾರದಿತ್ತು. ಆಮೇಲೆ ಅದೇ ಡಬ್ಬಿಯ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದೆ. ಸ್ವಲ್ಪ ಸಣ್ಣ ರವೆಯ ಹಾಗೆ, ಸ್ವಲ್ಪ ಮೈದಾ ಹಿಟ್ಟಿನ ಹಾಗೆ ಇತ್ತು. ಮಿಷನ್ನಿನ ಬಿಲ್ಲೆಗಳ ಹಲ್ಲು ಸವೆದು, ಬೀಜ ಕತ್ತರಿಸುವ ಬದಲು ಅರೆಯುತ್ತಿತ್ತು. ಆ ಮೈದಾದಂಥ ಪುಡಿ ಹೋಗಿ ಫಿಲ್ಟರಿನ ತೂತುಗಳಲ್ಲಿ ಕೂರುತ್ತದೆ. ಚಿಕೋರಿ ಬೇರೆ ನೀರು ಕುಡಿದು ಊದಿಕೊಳ್ಳುತ್ತದೆ. ಎರಡೂ ಸೇರಿದರೆ ದಾರಿ ಮುಚ್ಚಿದ ಹಾಗೆ.

ಬಿಲ್ಲೆ ಬದಲಿಸಿ, ಸಂಜೆ ಹೊಸ ಪುಡಿ ಹಿಡಿದು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅಂದಿನಿಂದ ದಿನದ ಮೊದಲ ಪುಡಿಯನ್ನು ನಮ್ಮದೇ ಫಿಲ್ಟರಿಗೆ ಹಾಕುತ್ತೇವೆ. ಕಾಲು ಗಂಟೆ, ಹೆಚ್ಚೆಂದರೆ ಇಪ್ಪತ್ತು ನಿಮಿಷದಲ್ಲಿ ಡಿಕಾಕ್ಷನ್ ಇಳಿಯಬೇಕು. ಐದೇ ನಿಮಿಷಕ್ಕೆ ಇಳಿದರೆ ಪುಡಿ ದಪ್ಪವಾಯಿತು, ನೀರು ಪುಡಿಯ ಸಾರ ಹಿಡಿಯದೆ ಓಡಿದೆ. ಆಗ ಮಿಷನ್ನಿನ ತಿರುಪು ಸರಿಪಡಿಸಿ ಮತ್ತೆ ಹಾಕುತ್ತೇವೆ. ಇದು ಮುಗಿಯದೆ ಗಲ್ಲಾಪೆಟ್ಟಿಗೆ ತೆಗೆಯುವುದಿಲ್ಲ.

3. ಪ್ರತಿ ಮನೆಗೂ ಪುಸ್ತಕದಲ್ಲಿ ಒಂದು ಸಾಲು

“ಪೀಬೆರಿ ಅರ್ಧ, ರೋಬಸ್ಟಾ ಅರ್ಧ, ಚಿಕೋರಿ ಹದಿನೈದು. ಭಾನುವಾರ ಬರುತ್ತಾರೆ.” ನಮ್ಮ ಉದ್ದ ಪುಸ್ತಕದ ಒಂದು ಸಾಲು ಇದು. ಇಂಥ ಸಾಲುಗಳನ್ನು ಬರೆಯಲು ಶುರುಮಾಡಿದವಳು ನನ್ನ ಹೆಂಡತಿ. ಒಂದೇ ಮನೆಯಲ್ಲಿ ಅತ್ತೆಗೆ ಚಿಕೋರಿ ಬೇಕು, ಸೊಸೆಗೆ ಬೇಡ ಎಂದಿದ್ದರೆ ಎರಡು ಸಾಲು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಆ ಪುಸ್ತಕ ಹಿಡಿದು ಫೋನ್ ಮಾಡಿದೆವು. ಯಾರ ಮನೆಗೆ ಏನು ಬೇಕೆಂದು ಕೇಳುವ ಅಗತ್ಯವೇ ಬೀಳಲಿಲ್ಲ, ಎಷ್ಟು ಎಂದಷ್ಟೇ ಕೇಳಿದೆವು.

4. ಬೆಲೆ ಏರಿದಾಗ ಬೋರ್ಡು ಬದಲಿಸಬೇಕು, ಮಿಶ್ರಣವನ್ನಲ್ಲ

2024ರಷ್ಟು ಕಷ್ಟದ ವರ್ಷ ನಾವು ಕಂಡಿರಲಿಲ್ಲ. ವಿಯೆಟ್ನಾಮಿನಲ್ಲಿ ಬರ ಬಿದ್ದು ರೋಬಸ್ಟಾ ಬೆಳೆ ತಗ್ಗಿತು, ಬ್ರೆಜಿಲ್‌ನಲ್ಲೂ ಮಳೆ ಕೈಕೊಟ್ಟಿತು. ಅಲ್ಲಿ ಬೆಳೆ ತಗ್ಗಿದರೆ ಚಿಕ್ಕಮಗಳೂರು, ಕೊಡಗಿನ ಬೀಜದ ಬೆಲೆಯೂ ಏರುತ್ತದೆ. ತೋಟದವರಿಗೆ ಎಷ್ಟೋ ವರ್ಷದ ಮೇಲೆ ಒಳ್ಳೆಯ ಬೆಲೆ ಬಂತು, ಅದು ಸಂತೋಷದ ಮಾತೇ. ಆದರೆ ನಾವು ಕೊಳ್ಳುವ ರೋಬಸ್ಟಾ ಕೆಜಿಗೆ ಸುಮಾರು 150 ರೂಪಾಯಿ ಮೇಲೇರಿತು.

ಲೆಕ್ಕ ಹೀಗಿದೆ. ಒಂದು ಕೆಜಿ 80:20 ಪುಡಿಯಲ್ಲಿ 800 ಗ್ರಾಂ ಕಾಫಿ, 200 ಗ್ರಾಂ ಚಿಕೋರಿ. ಹುರಿದ 800 ಗ್ರಾಂ ಸಿಗಲು ಹಸಿ ಬೀಜ ಸುಮಾರು 950 ಗ್ರಾಂ ಬೇಕು. ಅಂದರೆ ಪುಡಿಯ ಕೆಜಿಗೆ 140 ರೂಪಾಯಿಗೂ ಹೆಚ್ಚು ಖರ್ಚು ಏರಿತು. ಅದನ್ನೇ 60:40 ಮಾಡಿದ್ದರೆ, ಚಿಕೋರಿಯ ಬೆಲೆ ಕಳೆದ ಮೇಲೂ ಅರವತ್ತು ರೂಪಾಯಿಯಷ್ಟು ಉಳಿಯುತ್ತಿತ್ತು. ಚಿಕೋರಿ ಹೆಚ್ಚಾದಷ್ಟೂ ಡಿಕಾಕ್ಷನ್ ಕಪ್ಪಗೆ, ಮಂದವಾಗಿ ಕಾಣುತ್ತದೆ. ನೋಡಿದವರಿಗೆ ಮೊದಲಿಗಿಂತ ಸ್ಟ್ರಾಂಗ್ ಎಂದೇ ಅನ್ನಿಸುತ್ತದೆ. ಕಾನೂನು ಶೇ. 49ರವರೆಗೆ ಚಿಕೋರಿ ಬೆರೆಸಲು ಬಿಡುತ್ತದೆ, ಆದರೆ ಎಷ್ಟಿದೆಯೆಂದು ಪ್ಯಾಕೆಟ್ ಮೇಲೆ ಬರೆಯಲೇಬೇಕು. ಹೇಳದೆ ಬದಲಿಸುವುದು ಮೋಸ. ಆ ಅರವತ್ತು ರೂಪಾಯಿ ನಮಗೆ ಬೇಡ ಎಂದು ಮನೆಯಲ್ಲಿ ಕೂತು ತೀರ್ಮಾನ ಮಾಡಿದೆವು.

ಬೋರ್ಡಿನಲ್ಲಿ ಹಳೇ ದರ, ಹೊಸ ದರ ಎರಡನ್ನೂ ಬರೆದು, ಕಾರಣವನ್ನೂ ಬರೆದೆವು. ಬಂದವರಿಗೆಲ್ಲ ದಾರಿಗಳನ್ನು ಹೇಳಿದೆವು: ಅದೇ ಮಿಶ್ರಣಕ್ಕೆ ಹೊಸ ದರ, ಇಲ್ಲವೇ ಪೀಬೆರಿ ತಗ್ಗಿಸಿ ರೋಬಸ್ಟಾ ಹೆಚ್ಚಿಸುವುದು, ಅದೂ ಬೇಡವೆಂದರೆ ನೀವೇ ಕೇಳಿ ಚಿಕೋರಿ ಹೆಚ್ಚಿಸಿಕೊಳ್ಳುವುದು. ಮೊದಲ ತಿಂಗಳು ವ್ಯಾಪಾರ ಕಾಲು ಭಾಗ ಇಳಿಯಿತು, ನಿದ್ದೆ ಬರಲಿಲ್ಲ. ಹೋದವರಲ್ಲಿ ಬಹಳ ಮಂದಿ ಮೂರು ನಾಲ್ಕು ತಿಂಗಳಲ್ಲಿ ಮರಳಿದರು. ಅಜ್ಜಿಯ ಮನೆಯವರು ಮಾತ್ರ ಒಂದು ವಾರವೂ ತಪ್ಪಿಸಲಿಲ್ಲ, ಅರ್ಧ ಕೆಜಿಯ ಜಾಗದಲ್ಲಿ ಕಾಲು ಕೆಜಿ ಕೊಂಡರು ಅಷ್ಟೆ.

ನಮ್ಮ ಪುಡಿಯನ್ನೂ ನೀವು ಮನೆಯಲ್ಲಿ ನೋಡಬಹುದು. ಗಾಜಿನ ಲೋಟದಲ್ಲಿ ತಣ್ಣೀರು ತುಂಬಿ ಮೇಲೆ ಒಂದು ಚಿಟಿಕೆ ಪುಡಿ ಉದುರಿಸಿ, ಅಲ್ಲಾಡಿಸಬೇಡಿ. ಕಾಫಿ ತೇಲುತ್ತದೆ, ಚಿಕೋರಿ ಕಂದು ಗೆರೆ ಬಿಡುತ್ತಾ ತಳಕ್ಕಿಳಿಯುತ್ತದೆ. ಶೇಕಡ ಎಷ್ಟು ಎಂದು ಇದರಲ್ಲಿ ತಿಳಿಯದು. ಆದರೆ ಚಿಕೋರಿ ಬೇಡವೆಂದು ಕೊಂಡ ಪುಡಿಯಲ್ಲಿ ಆ ಗೆರೆ ಕಂಡರೆ ನೇರವಾಗಿ ತಂದು ತೋರಿಸಿ.

5. ಹೋಟೆಲಿಗೆ ಉದ್ರಿ ಹದಿನೈದು ದಿನ, ಅದಕ್ಕಿಂತ ಹೆಚ್ಚಿಲ್ಲ

ಒಂದು ಹೋಟೆಲು ನಾಲ್ಕು ತಿಂಗಳ ಬಾಕಿ ಉಳಿಸಿಕೊಂಡು ಬಾಗಿಲು ಹಾಕಿತು. ಆ ದುಡ್ಡು ಬರಲಿಲ್ಲ. ಮನೆಗಳಿಗೆ ಕೊಟ್ಟ ಉದ್ರಿ ಮಾತ್ರ ಹತ್ತು ವರ್ಷದಲ್ಲಿ ಒಂದು ರೂಪಾಯಿಯೂ ಮುಳುಗಿಲ್ಲ. ನಿಮ್ಮೆಲ್ಲರಿಗೂ ಕೈಮುಗಿದು ಹೇಳುತ್ತಿದ್ದೇವೆ, ಈ ಅಂಗಡಿ ನಿಂತಿರುವುದು ನಿಮ್ಮಿಂದ.

ಹತ್ತನೇ ವರ್ಷಕ್ಕೆ ನಮ್ಮ ಕೈಲಾದ ಒಂದು ಸಣ್ಣ ಕೊಡುಗೆ ಇದೆ. ವಿಜಯದಶಮಿಯಿಂದ ಬಲಿಪಾಡ್ಯಮಿಯವರೆಗೆ ಅರ್ಧ ಕೆಜಿ ಕೊಂಡವರಿಗೆ 50 ಗ್ರಾಂ ಅಪ್ಪಟ ಪೀಬೆರಿ ಪುಡಿ ಉಚಿತ, ಮನೆಗೆ ಒಂದು ಸಲ. ಅದಕ್ಕೆ ಚಿಕೋರಿ ಬೆರೆಸುವುದಿಲ್ಲ, ಹಾಗಾಗಿ ಡಿಕಾಕ್ಷನ್ ಸ್ವಲ್ಪ ತೆಳುವಾಗಿ ಇಳಿಯುತ್ತದೆ. ಹಾಲು ಕಡಿಮೆ ಹಾಕಿ ಕುಡಿದು ನೋಡಿ. ಬರುವಾಗ ಮನೆಯ ಫಿಲ್ಟರಿನ ಮೇಲಿನ ಪಾತ್ರೆಯನ್ನೂ ತನ್ನಿ. ಬೆಳಕಿಗೆ ಹಿಡಿದು ಮುಚ್ಚಿದ ತೂತುಗಳನ್ನು ನೋಡಿ, ಬಿಸಿ ಸೋಡಾ ನೀರಲ್ಲಿ ನೆನೆಸಿ ಬಿಡಿಸಿ ಕೊಡುತ್ತೇವೆ. ಅರ್ಧ ಗಂಟೆ ಹಿಡಿಯುತ್ತದೆ, ಅಷ್ಟರಲ್ಲಿ ಒಂದು ಲೋಟ ಕಾಫಿ ನಮ್ಮದು.