ಬೀಟ್‌ರೂಟ್ ರಸ: ಬಿ.ಪಿ.ಗೆ ಎಷ್ಟು ಹಿತ, ಕಲ್ಲಿನವರಿಗೆ ಎಷ್ಟು ಅಹಿತ?

"ಬೀಟ್‌ರೂಟ್ ರಸ ಕುಡಿದರೆ ಬಿ.ಪಿ. ಇಳಿಯುತ್ತದಂತೆ, ಹೌದೇ ಡಾಕ್ಟ್ರೆ?" ರಕ್ತದೊತ್ತಡಕ್ಕೆ ಮಾತ್ರೆ ನುಂಗುವ ಹಲವರು ಕೇಳುವ ಪ್ರಶ್ನೆಯಿದು. ಉತ್ತರ: ಹೌದು, ಇಳಿಯುತ್ತದೆ, ಆದರೆ ಸ್ವಲ್ಪ ಮಾತ್ರ. ಮೂತ್ರಪಿಂಡದಲ್ಲಿ ಒಮ್ಮೆ ಕಲ್ಲು ಆದವರಿಗೆ ಈ ಸ್ವಲ್ಪ ಲಾಭಕ್ಕೆ ತೆರಬೇಕಾದ ಬೆಲೆ ಹೆಚ್ಚಾಗಬಹುದು. ಕುಂದಾಪುರ, ಬೈಂದೂರು, ಬ್ರಹ್ಮಾವರದಂಥ ಸೆಕೆಯ ಊರುಗಳಲ್ಲಿ, ಬೆವರಿ ಬೆವರಿ ಮೂತ್ರ ಕಡಿಮೆಯಾಗುವವರು ಇದನ್ನು ಚೆನ್ನಾಗಿ ತಿಳಿದಿರಬೇಕು.

ರಸ ಕೆಲಸ ಮಾಡುವುದು ಹೇಗೆ?

ಬೀಟ್‌ರೂಟ್‌ನಲ್ಲಿ ನೈಟ್ರೇಟ್ ಎಂಬ ಲವಣಾಂಶ ಧಾರಾಳವಾಗಿದೆ. ಹೊಟ್ಟೆಗೆ ಹೋದ ನೈಟ್ರೇಟ್ ರಕ್ತಕ್ಕೆ ಸೇರುತ್ತದೆ. ಅದರಲ್ಲಿ ಒಂದು ಪಾಲನ್ನು ಜೊಲ್ಲಿನ ಗ್ರಂಥಿಗಳು ಹೀರಿಕೊಂಡು ಮತ್ತೆ ಬಾಯಿಗೇ ಬಿಡುತ್ತವೆ. ನಾಲಿಗೆಯ ಹಿಂಭಾಗದಲ್ಲಿ ವಾಸಿಸುವ ನಿರುಪದ್ರವಿ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ ಪರಿವರ್ತಿಸುತ್ತವೆ. ಜೊಲ್ಲಿನೊಡನೆ ನುಂಗಿದ ಈ ನೈಟ್ರೈಟ್ ದೇಹದೊಳಗೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವಾಗುತ್ತದೆ. ರಕ್ತನಾಳದ ಗೋಡೆಯ ಸ್ನಾಯುಗಳನ್ನು ಸಡಿಲಿಸುವುದು ಈ ಅನಿಲವೇ. ನಾಳ ಹಿಗ್ಗಿದರೆ ಒತ್ತಡ ಇಳಿಯುತ್ತದೆ. ನೈಟ್ರಿಕ್ ಆಕ್ಸೈಡಿನ ಈ ಗುಣವನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಇಲ್ಲಿ ಒಂದು ಸ್ವಾರಸ್ಯವಿದೆ. ಬ್ಯಾಕ್ಟೀರಿಯಾ ಕೊಲ್ಲುವ ಔಷಧಿಯಿಂದ ದಿನಾ ಬಾಯಿ ಮುಕ್ಕಳಿಸುವವರಲ್ಲಿ ನಡುವಿನ ಈ ಕೊಂಡಿ ಕಡಿಯುತ್ತದೆ. ಅವರು ರಸ ಕುಡಿದರೂ ಹೆಚ್ಚು ಪ್ರಯೋಜನ ಕಾಣುವುದಿಲ್ಲ.

ಎಷ್ಟು ಇಳಿಯುತ್ತದೆ?

2015ರಲ್ಲಿ ಲಂಡನ್ನಿನ ವೈದ್ಯರು ರಕ್ತದೊತ್ತಡವಿರುವ ಅರುವತ್ತಕ್ಕೂ ಹೆಚ್ಚು ಮಂದಿಯ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಅರ್ಧದಷ್ಟು ಜನರಿಗೆ ನಾಲ್ಕು ವಾರ ದಿನಕ್ಕೆ 250 ಮಿ.ಲೀ. ಬೀಟ್‌ರೂಟ್ ರಸ ಕೊಟ್ಟರು. ಉಳಿದವರಿಗೆ ನೈಟ್ರೇಟ್ ತೆಗೆದ ಅದೇ ರಸ. ನಿಜವಾದ ರಸ ಕುಡಿದವರಲ್ಲಿ ಮೇಲಿನ ಒತ್ತಡ ಸುಮಾರು 8 ಅಂಕ, ಕೆಳಗಿನದು 2 ಅಂಕ ಇಳಿಯಿತು. ರಸ ನಿಲ್ಲಿಸಿದ ಎರಡು ವಾರದೊಳಗೆ ಒತ್ತಡ ಮೊದಲಿದ್ದಲ್ಲಿಗೇ ಮರಳಿತು. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದಾಗ ಸರಾಸರಿ ಇಳಿಕೆ 4ರಿಂದ 5 ಅಂಕ ಮಾತ್ರ. ಅಂದರೆ ರಸ ಮಾತ್ರೆಗೆ ಬದಲಿಯಲ್ಲ. ಮನೆಯಲ್ಲಿ ಮಾಡಿದ ರಸದಲ್ಲಿ ನೈಟ್ರೇಟ್ ಒಂದು ಗಡ್ಡೆಯಿಂದ ಇನ್ನೊಂದಕ್ಕೆ ಬಹಳ ವ್ಯತ್ಯಾಸವಾಗುತ್ತದೆ ಎಂಬುದನ್ನೂ ಮರೆಯಬಾರದು.

ಕಲ್ಲಿನ ಸಂಗತಿ

ಬೀಟ್‌ರೂಟ್‌ನಲ್ಲಿ ನೈಟ್ರೇಟಿನ ಜತೆಗೆ ಆಕ್ಸಲೇಟ್ ಕೂಡ ಹೇರಳವಾಗಿದೆ. ಮೂತ್ರಪಿಂಡದ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಮತ್ತು ಆಕ್ಸಲೇಟ್ ಸೇರಿ ಆದವು. ಒಂದು ದೊಡ್ಡ ಲೋಟ ರಸದಲ್ಲಿ 100 ಮಿಲಿಗ್ರಾಂ ಆಸುಪಾಸು ಆಕ್ಸಲೇಟ್ ಇರಬಹುದು. ಕಲ್ಲಿನ ರೋಗಿಗಳಿಗೆ ಇಡೀ ದಿನಕ್ಕೆ ಇದಕ್ಕಿಂತ ಹೆಚ್ಚು ಬೇಡ ಎಂದೇ ಸಾಮಾನ್ಯವಾಗಿ ಹೇಳುತ್ತಾರೆ. ನಮ್ಮ ಕಡೆ ಪ್ರಿಯವಾದ ಹರಿವೆ, ಬಸಳೆ, ಪತ್ರೊಡೆಯ ಕೆಸುವಿನೆಲೆ ಇವುಗಳಲ್ಲೂ ಆಕ್ಸಲೇಟ್ ಇದೆ. ಮಧ್ಯಾಹ್ನ ಬಸಳೆ ಸಾರು ಉಂಡ ದಿನವೇ ಬೆಳಿಗ್ಗೆ ಬೀಟ್‌ರೂಟ್ ರಸವನ್ನೂ ಕುಡಿದಿದ್ದರೆ ಲೆಕ್ಕ ಎರಡು ಪಟ್ಟಾಗುತ್ತದೆ.

"ಬೇಯಿಸಿ ನೀರು ಬಸಿದರೆ ಆಗದೇ?" ಎಂದು ಕೆಲವರು ಕೇಳುತ್ತಾರೆ. ಬಸಿದ ನೀರಿನೊಡನೆ ಆಕ್ಸಲೇಟ್ ಸಾಕಷ್ಟು ಹೋಗುತ್ತದೆ, ನಿಜ. ಆದರೆ ಬೇಕಾದ ನೈಟ್ರೇಟ್ ಕೂಡ ಅದೇ ನೀರಿನಲ್ಲಿ ಹೋಗುತ್ತದೆ! ಅಂಥ ಪಲ್ಯ ಕಲ್ಲಿನವರಿಗೆ ಅಪರೂಪಕ್ಕೊಮ್ಮೆ ಊಟಕ್ಕೆ ಅಡ್ಡಿಯಿಲ್ಲ, ಬಿ.ಪಿ.ಗೆ ಔಷಧಿಯಾಗುವುದಿಲ್ಲ.

ಒಂದು ಉದಾಹರಣೆ

ಬೈಂದೂರು ಕಡೆಯ, ದೋಣಿಯಲ್ಲಿ ದುಡಿಯುವ 52 ವರ್ಷದ ಒಬ್ಬರಿದ್ದಾರೆಂದು ಇಟ್ಟುಕೊಳ್ಳೋಣ. ಒತ್ತಡ 146/90. ಮೂರು ವರ್ಷದ ಹಿಂದೆ ಸೊಂಟದಿಂದ ಕೆಳಹೊಟ್ಟೆಗೆ ಹರಿದ ವಿಪರೀತ ನೋವಿನೊಡನೆ ಕಲ್ಲು ಬಿದ್ದಿತ್ತು. ಸಮುದ್ರದ ಬಿಸಿಲಿನಲ್ಲಿ ಬೆವರು ಸುರಿಯುತ್ತದೆ, ನೀರು ಕುಡಿಯುವುದು ಕಡಿಮೆ. ಗಂಜಿಗೆ ಉಪ್ಪಿನಕಾಯಿ, ಒಣಮೀನು ಬೇಕೇ ಬೇಕು.

ಇವರು ದಿನವೂ ರಸ ಕುಡಿದರೆ ಒತ್ತಡ 146ರಿಂದ 140ರ ಆಸುಪಾಸಿಗೆ ಬರಬಹುದು. ಆದರೆ ಗಟ್ಟಿಯಾದ, ಕಡಿಮೆ ಮೂತ್ರಕ್ಕೆ ಆಕ್ಸಲೇಟ್ ಸೇರಿ ಹೊಸ ಕಲ್ಲಿಗೆ ದಾರಿಯಾಗುತ್ತದೆ. ಇವರಿಗೆ ಬೇರೆ ದಾರಿಯಿದೆ. ದಿನಕ್ಕೆ ಒಂದು ಟೀ ಚಮಚ, ಅಂದರೆ 5 ಗ್ರಾಂನಷ್ಟು ಉಪ್ಪು ಕಡಿಮೆ ಮಾಡಿದರೆ ಒತ್ತಡ ಇರುವವರಲ್ಲಿ ಸುಮಾರು 5 ಅಂಕ ಇಳಿಯುತ್ತದೆ; ಹೆಚ್ಚುಕಡಿಮೆ ರಸದಷ್ಟೇ. ಉಪ್ಪು ಹೆಚ್ಚಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಕೂಡ ಹೆಚ್ಚು ಹೋಗುತ್ತದೆ. ಆದ್ದರಿಂದ ಒಣಮೀನು, ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡುವುದರಿಂದ ಬಿ.ಪಿ. ಮತ್ತು ಕಲ್ಲು ಎರಡಕ್ಕೂ ಲಾಭ. ಜತೆಗೆ ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಬೇಕು; ಬೆವರುವವರು ಇದಕ್ಕಾಗಿ ಇನ್ನೂ ಹೆಚ್ಚು ಕುಡಿಯಬೇಕಾಗುತ್ತದೆ.

ಕಲ್ಲು ಆದವರು ಹಾಲು, ಮೊಸರು ಬಿಡಬೇಕೆಂಬುದು ತಪ್ಪು ತಿಳುವಳಿಕೆ. ಊಟದೊಡನೆ ಮೊಸರು ಉಂಡರೆ ಅದರ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಮಲದೊಡನೆ ಸಾಗಿಸುತ್ತದೆ. ಮೂತ್ರಪಿಂಡಕ್ಕೆ ಬರುವುದು ಕಡಿಮೆಯಾಗುತ್ತದೆ. ಹರಿವೆ, ಬಸಳೆ ಉಣ್ಣುವ ದಿನ ಇದು ವಿಶೇಷವಾಗಿ ನೆನಪಿರಲಿ.

ಕೆಂಪು ಮೂತ್ರ ಕಂಡರೆ

ಬೀಟ್‌ರೂಟ್ ತಿಂದ ಕೆಲವರಲ್ಲಿ ಮೂತ್ರ, ಮಲ ಕೆಂಪಾಗುತ್ತದೆ. ಇದು ಬಣ್ಣ ಮಾತ್ರ, ಅಪಾಯವಿಲ್ಲ. ಆದರೆ ಕಲ್ಲು ಉಜ್ಜಿ ರಕ್ತ ಹೋದಾಗಲೂ ಮೂತ್ರ ಕೆಂಪಾಗುತ್ತದೆ. ಎರಡನ್ನೂ ಗೊಂದಲ ಮಾಡಿಕೊಳ್ಳಬಾರದು. ಬೀಟ್‌ರೂಟ್ ನಿಲ್ಲಿಸಿದ ಒಂದೆರಡು ದಿನದಲ್ಲಿ ಬಣ್ಣ ಹೋಗದಿದ್ದರೆ, ಅಥವಾ ಸೊಂಟನೋವು, ಉರಿಮೂತ್ರ, ಜ್ವರ ಇದ್ದರೆ ಮೂತ್ರ ಪರೀಕ್ಷೆ ಮಾಡಿಸಿ. ಸೂಕ್ಷ್ಮದರ್ಶಕದಲ್ಲಿ ಕೆಂಪು ರಕ್ತಕಣಗಳು ಕಂಡರೆ ಅದು ರಕ್ತವೇ. ನೋವಿನೊಡನೆ ಚಳಿಜ್ವರ ಬಂದರೆ ಕಾಯಬೇಡಿ. ಆ ದಿನವೇ ಆಸ್ಪತ್ರೆಗೆ ಹೋಗಿ.

ಕಲ್ಲಿನ ತೊಂದರೆ ಇಲ್ಲದವರು

ಕಲ್ಲು, ಮೂತ್ರಪಿಂಡದ ಬೇರೆ ಕಾಯಿಲೆ ಇಲ್ಲದವರು ಪ್ರಯತ್ನಿಸಬಹುದು. ಮೊದಲು ಒಂದು ವಾರ ಬೆಳಿಗ್ಗೆ ಒಂದೇ ಹೊತ್ತಿಗೆ, ಐದು ನಿಮಿಷ ಸುಮ್ಮನೆ ಕುಳಿತು ಒತ್ತಡ ಅಳೆದು ಬರೆದಿಡಿ. ಆಮೇಲೆ ಎರಡು ಮೂರು ವಾರ ದಿನಕ್ಕೊಂದು ಲೋಟ, ಸಕ್ಕರೆ ಹಾಕದ ರಸ ಕುಡಿದು ಅದೇ ಹೊತ್ತಿಗೆ ಅಳೆದು ಹೋಲಿಸಿ. ಪರಿಣಾಮ ಹೆಚ್ಚು ಕಾಣುವುದು ಕುಡಿದ ಎರಡೂವರೆ ಮೂರು ಗಂಟೆಯ ಹೊತ್ತಿಗೆ. ಮಾತ್ರೆ ತೆಗೆದುಕೊಳ್ಳುವವರು ಎದ್ದಾಗ ತಲೆಸುತ್ತು ಬಂದರೆ ವೈದ್ಯರಿಗೆ ತಿಳಿಸಬೇಕು. ಮಾತ್ರೆಯನ್ನು ತಾವಾಗಿ ಬಿಡಬಾರದು. ರಸದಲ್ಲಿ ಸಹಜ ಸಕ್ಕರೆಯಿದೆ, ಮಧುಮೇಹಿಗಳು ಕೇಳಿಯೇ ಕುಡಿಯಲಿ. ಮೂತ್ರಪಿಂಡ ದುರ್ಬಲವಾದವರಿಗೆ ಅದರ ಪೊಟ್ಯಾಸಿಯಂ ಒಳ್ಳೆಯದಲ್ಲ.

ಕೊನೆಯ ಮಾತು: ರಸ ಮಾಡಿದ ಕೂಡಲೇ ಕುಡಿಯಿರಿ. ನಮ್ಮ ಸೆಕೆಗೆ ಹೊರಗಿಟ್ಟ ರಸದಲ್ಲಿ ಬ್ಯಾಕ್ಟೀರಿಯಾ ಬೆಳೆದು ನೈಟ್ರೈಟ್ ಹೆಚ್ಚುತ್ತದೆ. ಎಳೆ ಮಕ್ಕಳಿಗೆ ಇದು ಅಪಾಯಕಾರಿ. ಹಸುಗೂಸುಗಳಿಗೆ ಬೀಟ್‌ರೂಟ್ ರಸ ಕೊಡಲೇಬಾರದು.