ಬಿಡ್ಡೇ ಇಲ್ಲದ ಇಎಂಡಿ

ಹೊಳನಗದ್ದೆಯ ಒಬ್ಬ ಸಣ್ಣ ಗುತ್ತಿಗೆದಾರರು ಚರಂಡಿ, ಕಾಲುಸಂಕ, ಶಾಲೆ ಕಾಂಪೌಂಡಿನಂಥ ಕೆಲಸ ಹಿಡಿಯುವವರು. ಅವರ ವಾಟ್ಸಾಪ್‌ಗೆ ಒಂದು ಪಿಡಿಎಫ್ ಬಂತು. ಲಾಂಛನ, ಕಡತ ಸಂಖ್ಯೆ, ಮೊಹರು, ಸಹಿ ಎಲ್ಲ ಇತ್ತು. ಕುಮಟಾ, ಹೊನ್ನಾವರ, ಭಟ್ಕಳ ತಾಲೂಕುಗಳಿಗೆ ಚಿರೆಕಲ್ಲು, ಜಲ್ಲಿ ಪೂರೈಸುವವರ ಪಟ್ಟಿಗೆ ಅವರು ಆಯ್ಕೆಯಾಗಿದ್ದಾರಂತೆ. ಅಂದಾಜು 18 ಲಕ್ಷದ ಕೆಲಸ. ಎರಡು ದಿನದೊಳಗೆ 45,000 ರೂಪಾಯಿ ಇಎಂಡಿ ಕಟ್ಟಬೇಕು.

‘ಕಟ್ಟಬಹುದಾ ಮಾಸ್ತರೆ?’ ಎಂದು ಕೇಳಿದರು. ಟೆಂಡರ್ ಕಾಗದ ತುಂಬಿಕೊಡುವ ಕೆಲಸದಲ್ಲಿ ನಾನು ಇರುವುದರಿಂದ ಇಂಥ ಪತ್ರಗಳು ನನ್ನ ಮೇಜಿಗೂ ಬರುತ್ತವೆ.

ಮೊತ್ತ ನೋಡಿದರೆ ಅನುಮಾನವೇ ಬರುವುದಿಲ್ಲ. ಕೇಂದ್ರದ 2017ರ ಹಣಕಾಸು ನಿಯಮಗಳ ಪ್ರಕಾರ ಇಎಂಡಿ ಸಾಮಾನ್ಯವಾಗಿ ಅಂದಾಜಿನ ಶೇ. 2ರಿಂದ 5ರಷ್ಟು. ಇಲ್ಲಿ ಕೇಳಿದ್ದು ಶೇ. 2.5. ಮೋಸಗಾರರು ನಿಜವಾದ ಪ್ರಕಟಣೆಯನ್ನೇ ನಕಲು ಮಾಡಿ, ಫೋನ್ ನಂಬರನ್ನೂ ಬ್ಯಾಂಕ್ ಖಾತೆಯನ್ನೂ ಬದಲಿಸಿದರೆ ಕಾಗದದಲ್ಲಿ ತಪ್ಪು ಹುಡುಕಿ ಪ್ರಯೋಜನವಿಲ್ಲ. ಹುಡುಕಬೇಕಾದದ್ದು ಕ್ರಮದಲ್ಲಿ.

ಇಎಂಡಿ ಎಂದರೆ ಬಿಡ್ ಹಾಕಿದವನು ನಡುವೆ ಹಿಂದೆ ಸರಿಯದಿರಲಿ ಎಂದು ಇಡಿಸಿಕೊಳ್ಳುವ ಹಣ. ಅದು ಬಿಡ್ಡಿನ ಜೊತೆಗೇ ಹೋಗುತ್ತದೆ. ಕೆಲಸ ಸಿಗದವರಿಗೆ ಮರಳಿ ಬರುತ್ತದೆ. ಈ ಗುತ್ತಿಗೆದಾರರು ದರವನ್ನೇ ನಮೂದಿಸಿರಲಿಲ್ಲ. ಬಿಡ್ಡೇ ಇಲ್ಲದೆ ಆಯ್ಕೆ ಹೇಗೆ, ಇಎಂಡಿ ಯಾವುದಕ್ಕೆ?

ರಾಜ್ಯದ ಇ-ಟೆಂಡರ್ ಆದರೆ ಅದು kppp.karnataka.gov.in ನಲ್ಲಿ ಕಾಣಬೇಕು. ಗುತ್ತಿಗೆದಾರ ತನ್ನ ಲಾಗಿನ್‌ನಿಂದ ಒಳಹೋಗಿ, ಡಿಜಿಟಲ್ ಸಹಿ ಹಾಕಿ, ಪೋರ್ಟಲ್ ತೋರಿಸುವ ದಾರಿಯಲ್ಲೇ ಇಎಂಡಿ ಕಟ್ಟುತ್ತಾನೆ. ವಾಟ್ಸಾಪ್‌ನಲ್ಲಿ ಬಂದ ಖಾತೆಗೆ ಅಲ್ಲ. ಆ ಪಿಡಿಎಫ್‌ನಲ್ಲಿದ್ದ ಟೆಂಡರ್ ಸಂಖ್ಯೆಯನ್ನು ಪೋರ್ಟಲ್‌ನಲ್ಲಿ ಹುಡುಕಿದೆವು. ಸಿಕ್ಕಿದ್ದು ಬೇರೆ ಜಿಲ್ಲೆಯ, ಅವಧಿ ಮುಗಿದ ರಸ್ತೆ ಕೆಲಸ. ಹಣ ಹಾಕಲು ಕೊಟ್ಟ ಖಾತೆ ಯಾವುದೋ ಟ್ರೇಡರ್ಸ್ ಹೆಸರಿನದು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ನಮ್ಮ ಕಡೆಯ ಅನೇಕ ಸಣ್ಣ ಗುತ್ತಿಗೆದಾರರು ಪೋರ್ಟಲನ್ನು ಕಣ್ಣಾರೆ ಕಂಡಿಲ್ಲ. ಲಾಗಿನ್, ಪಾಸ್‌ವರ್ಡ್, ಡಿಜಿಟಲ್ ಸಹಿಯ ಟೋಕನ್ ಎಲ್ಲವೂ ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ. ಹಾಗಾಗಿ ಅಸಲಿ ಟೆಂಡರ್ ಯಾವ ದಾರಿಯಲ್ಲಿ ಬರುತ್ತದೆ ಎಂಬುದೇ ಅವರಿಗೆ ಗೊತ್ತಿರುವುದಿಲ್ಲ. ಫೋನಿಗೆ ಬಂದದ್ದನ್ನು ನಂಬುತ್ತಾರೆ.

ಒಮ್ಮೆ ಕಟ್ಟಿದವರಿಗೆ ಎರಡನೇ ಕರೆ ಬರುತ್ತದೆ: ಠೇವಣಿಯ ಮೇಲೆ ಶೇ. 18 ಜಿಎಸ್‌ಟಿ, ಆಮೇಲೆ ಕರಾರು ಪತ್ರದ ಖರ್ಚು. ಮರಳಿಸಬೇಕಾದ ಠೇವಣಿಗೆ ಜಿಎಸ್‌ಟಿ ಬೀಳುವುದಿಲ್ಲ. ಹಣ ಹೋಗಿದ್ದರೆ ನಾಚಿಕೆಪಟ್ಟು ಕೂರಬೇಡಿ. ಖಾತೆಯಿಂದ ಹಣ ಮುಂದೆ ಸಾಗುವ ಮೊದಲೇ ತಡೆಹಿಡಿಯಲು ಸಾಧ್ಯವಾಗುವಂತೆ ತಕ್ಷಣ 1930ಕ್ಕೆ ಕರೆ ಮಾಡಿ, cybercrime.gov.in ನಲ್ಲಿ ದೂರು ದಾಖಲಿಸಿ.