ಖಚಿತ ಲಾಭದ ಗುಂಪಿನವರಿಗೆ ಯಾಕಿಷ್ಟು ಅವಸರ?

ವಾರಕ್ಕೆ ಶೇ. 5ರಷ್ಟು ಲಾಭ ಖಚಿತ ಎನ್ನುವ ವಾಟ್ಸ್‌ಆ್ಯಪ್ ಗುಂಪಿಗೆ ಸೇರಿದ್ದೀಯಂತೆ, ನಿಮ್ಮಮ್ಮ ಹೇಳಿದರು. ಬೈಯೋದಕ್ಕೆ ಬರೆಯುತ್ತಿಲ್ಲ ಮಗು. ಒಂದು ಲೆಕ್ಕ ಹಾಕಿ ನೋಡು ಅಂತ ಅಷ್ಟೇ. ಬಂದ ಲಾಭವನ್ನು ಅಲ್ಲೇ ಬಿಟ್ಟರೆ, ಆ ದರದಲ್ಲಿ 1 ಲಕ್ಷ ರೂಪಾಯಿ ವರ್ಷದಲ್ಲಿ 12 ಲಕ್ಷ ದಾಟುತ್ತದೆ. ಅಂಥ ವಿದ್ಯೆ ಗೊತ್ತಿರುವವನು ನಿನ್ನ 10 ಸಾವಿರಕ್ಕೆ ಯಾಕೆ ಕೈಚಾಚುತ್ತಾನೆ? ಸೆಬಿಯಲ್ಲಿ ನೋಂದಾಯಿಸಿಕೊಂಡ ಸಲಹೆಗಾರ ಲಾಭದ ಖಾತರಿ ಕೊಡುವ ಹಾಗೇ ಇಲ್ಲ. ಹಾಗಾಗಿ ‘ಗ್ಯಾರಂಟಿ’ ಅಂದ ಕೂಡಲೇ ಅವನು ಯಾರೆಂದು ಗೊತ್ತಾಗಿಹೋಯಿತು.

ಇಂಥ ಗುಂಪುಗಳು ನಡೆಯುವ ರೀತಿ ಹೆಚ್ಚುಕಮ್ಮಿ ಒಂದೇ. ಅವರು ಎಲ್ಲಿ ಅವಸರ ಮಾಡುತ್ತಾರೋ ಅಲ್ಲಿ ನೀನು ಪರೀಕ್ಷಿಸಬಾರದೆಂದು ಅವರು ಬಯಸುವ ಸಂಗತಿಯೊಂದು ಇರುತ್ತದೆ. ಇದೊಂದನ್ನು ಹಿಡಿದುಕೊಂಡು ಹೊರಟರೆ ಸಾಕು.

ಮೊದಲ ಅವಸರ, ‘ಇನ್ನು ಐದೇ ಸೀಟು, ರಾತ್ರಿ ಎಂಟಕ್ಕೆ ಬಂದ್’. ಅದರ ಕೆಳಗೆ ಸಾಲುಸಾಲಾಗಿ ‘ಥ್ಯಾಂಕ್ಯೂ ಸರ್, ಇವತ್ತು 18 ಸಾವಿರ ಬಂತು’ ಎಂಬ ಸ್ಕ್ರೀನ್‌ಶಾಟ್‌ಗಳು. ಹಾಗೆ ಹಾಕುವವರಲ್ಲಿ ಬಹಳಷ್ಟು ಜನ ಅವರ ಕಡೆಯವರೇ. ಎಂಟು ಗಂಟೆಯೊಳಗೆ ನೀನು ಮಾಡಬಾರದೆಂದು ಅವರು ಬಯಸುವ ಕೆಲಸ ಎಂದರೆ ಸೆಬಿ ವೆಬ್‌ಸೈಟಿನಲ್ಲಿ ಅವರ ಹೆಸರು ಹುಡುಕುವುದು. ಹೂಡಿಕೆ ಸಲಹೆಗಾರರ ನೋಂದಣಿ ಸಂಖ್ಯೆ INA ಎಂದೂ, ಷೇರು ವಿಶ್ಲೇಷಕರದ್ದು INH ಎಂದೂ ಶುರುವಾಗುತ್ತದೆ. ಸಂಖ್ಯೆ ಕೊಟ್ಟರು ಎಂದ ಮಾತ್ರಕ್ಕೆ ನಂಬಬೇಡ, ಬೇರೆ ಯಾರದೋ ಅಸಲಿ ಸಂಖ್ಯೆಯನ್ನೇ ಕದ್ದು ಹಾಕಿಕೊಳ್ಳುವವರಿದ್ದಾರೆ. ಸೆಬಿ ಪಟ್ಟಿಯಲ್ಲಿರುವ ಫೋನ್ ನಂಬರಿಗೆ ನೀನೇ ಕರೆ ಮಾಡಿ, ‘ಈ ಗುಂಪು ನಿಮ್ಮದೇನಾ?’ ಎಂದು ಕೇಳು.

ಎರಡನೆಯದು ಆಸೆಯ ಒತ್ತಡ. 10 ಸಾವಿರ ಹಾಕಿದರೆ ವಾರದಲ್ಲಿ 10,500 ನಿನ್ನ ಖಾತೆಗೆ ನಿಜವಾಗಿಯೂ ಬಂದುಬಿಡುತ್ತದೆ. ಮರುದಿನವೇ ‘ಮ್ಯಾಡಂ’ ಒಬ್ಬರು ಬೇರೆಯಾಗಿ ಮೆಸೇಜು ಮಾಡಿ, ‘ನಾಳೆಯೊಳಗೆ 2 ಲಕ್ಷ ಹಾಕಿದರೆ ವಿಐಪಿ ಗುಂಪು’ ಎನ್ನುತ್ತಾರೆ. ಆಗ ನೋಡಬೇಕಾದದ್ದು ನೀನು ದುಡ್ಡು ಹಾಕಿದ ಖಾತೆಯ ಹೆಸರು. ಇವತ್ತು ಯಾವುದೋ ಟ್ರೇಡರ್ಸ್, ನಾಳೆ ಯಾರೋ ಒಬ್ಬ ವ್ಯಕ್ತಿ. ಅಸಲಿ ಬ್ರೋಕರ್ ತನ್ನ ಹೆಸರಿನ ಖಾತೆಗೆ ಬಿಟ್ಟು ಇನ್ನೆಲ್ಲೂ ಹಣ ಕಳಿಸಲು ಹೇಳುವುದಿಲ್ಲ. ನಿನಗೆ ಬಂದ ಆ ‘ಲಾಭ’ ಇನ್ನೊಬ್ಬ ಮೋಸಹೋದವನ ದುಡ್ಡಾಗಿದ್ದರೆ, ಅವನ ದೂರಿನ ಮೇಲೆ ನಿನ್ನ ಖಾತೆಯೇ ಸ್ತಂಭನವಾಗಬಹುದು.

ಮೂರನೆಯದು ಹೆದರಿಕೆ. ಅವರ ಆ್ಯಪಿನಲ್ಲಿ ನೀನು 50 ಸಾವಿರಕ್ಕೆ ಐಪಿಒ ಅರ್ಜಿ ಹಾಕಿರುತ್ತೀಯ. ಸಂಜೆ ಹೊತ್ತಿಗೆ ‘ಅಭಿನಂದನೆ, ನಿಮಗೆ 4 ಲಕ್ಷದ ಷೇರು ಬಿದ್ದಿದೆ, ಆರು ಗಂಟೆಯೊಳಗೆ ಉಳಿದದ್ದು ಕಟ್ಟದಿದ್ದರೆ ಖಾತೆ ಲಾಕ್, ಕಾನೂನು ಕ್ರಮ’ ಎಂದು ಬರುತ್ತದೆ. ಹಣವಿಲ್ಲ ಎಂದರೆ ಸಾಲ ಮಾಡುವ ದಾರಿಯನ್ನೂ ಅವರೇ ತೋರಿಸುತ್ತಾರೆ. ಆದರೆ ನಿಜವಾದ ಐಪಿಒದಲ್ಲಿ ಅರ್ಜಿಯ ಹಣ ನಿನ್ನದೇ ಬ್ಯಾಂಕ್ ಖಾತೆಯಲ್ಲಿ ತಡೆಹಿಡಿದಿರುತ್ತದೆ, ಷೇರು ಸಿಕ್ಕರೆ ಮಾತ್ರ ಕಡಿತವಾಗುತ್ತದೆ. ಕೇಳಿದ್ದಕ್ಕಿಂತ ಹೆಚ್ಚು ಷೇರು ತಲೆಗೆ ಕಟ್ಟುವ ಪದ್ಧತಿ ಎಲ್ಲೂ ಇಲ್ಲ. ಸಿಕ್ಕ ಷೇರು ನಿನ್ನ ಡಿಮ್ಯಾಟ್ ಖಾತೆಯಲ್ಲಿರಬೇಕು, ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಲೆಕ್ಕದಲ್ಲಿ ಕಾಣಬೇಕು. ಅಲ್ಲಿ ಇಲ್ಲ ಎಂದರೆ ಆ್ಯಪಿನಲ್ಲಿ ಕಾಣುವುದು ಬರೀ ಅಂಕಿ.

ಕೊನೆಯದು ದುಡ್ಡು ವಾಪಸು ಕೇಳಿದಾಗ. ‘ಲಾಭದ ಮೇಲೆ ಶೇ. 20 ತೆರಿಗೆ ಮೊದಲು ಕಟ್ಟಿ, ಆಮೇಲೆ ಬಿಡುಗಡೆ’ ಎನ್ನುತ್ತಾರೆ. ಷೇರಿನ ಲಾಭದ ತೆರಿಗೆಯನ್ನು ನೀನೇ ಆದಾಯ ತೆರಿಗೆ ಇಲಾಖೆಗೆ ಕಟ್ಟುತ್ತೀಯ, ಗುಂಪಿನ ಅಡ್ಮಿನ್‌ಗಲ್ಲ. ಕಟ್ಟಿದರೆ ಇನ್ನೊಂದು ಶುಲ್ಕ ಹುಟ್ಟುತ್ತದೆಯೇ ಹೊರತು ದುಡ್ಡು ಬರುವುದಿಲ್ಲ. ‘ಬ್ಯಾಂಕಿನವರು ಕೇಳಿದರೆ ಮನೆ ಖರ್ಚಿಗೆ ಅನ್ನಿ, ಮನೆಯವರಿಗೆ ಆಮೇಲೆ ಸರ್‌ಪ್ರೈಸ್ ಕೊಡಿ’ ಎಂಬ ಉಪದೇಶವೂ ಆಗಲೇ ಬರುತ್ತದೆ. ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತವನು. ದುಡ್ಡು ಯಾಕೆ ಎಂಬುದಕ್ಕೆ ಸುಳ್ಳು ಹೇಳಿಕೊಡುವವನು ಎಂದೂ ಗಿರಾಕಿಯ ಹಿತೈಷಿಯಲ್ಲ.

ಇವತ್ತೇ ಗುಂಪಿನಲ್ಲಿ ನೋಂದಣಿ ಸಂಖ್ಯೆ ಕೇಳು. ನಿನ್ನ ಮೆಸೇಜು ಅಳಿಸಿದರೋ, ನಿನ್ನನ್ನೇ ಹೊರಹಾಕಿದರೋ, ಉತ್ತರ ಸಿಕ್ಕಿತು ಎಂದುಕೋ. ಅದಕ್ಕೂ ಮೊದಲು ಮಾತುಕತೆ, ಖಾತೆ ಸಂಖ್ಯೆ, ವರ್ಗಾವಣೆಯ ವಿವರಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೋ. ಈಗಾಗಲೇ ದುಡ್ಡು ಹೋಗಿದ್ದರೆ ಹೊಸದಾಗಿ ಒಂದು ರೂಪಾಯಿಯನ್ನೂ ಹಾಕದೆ ತಕ್ಷಣ 1930ಕ್ಕೆ ಫೋನ್ ಮಾಡು, cybercrime.gov.in ನಲ್ಲಿ ದೂರು ಕೊಡು, ಬ್ಯಾಂಕಿಗೂ ತಿಳಿಸು. ಹಣ ಮುಂದಿನ ಖಾತೆಗೆ ದಾಟುವ ಮೊದಲು ಹಿಡಿದರೆ ಮಾತ್ರ ಸಿಗುವ ಆಸೆ. ಅವಸರ ಮಾಡಬೇಕಾದದ್ದು ಇದೊಂದಕ್ಕೇ.